ಫೋಟೊದಲ್ಲಿರುವ ಕ್ಯೂಆರ್ ಕೋಡನ್ನು ಎಐ ನಿಜವಾಗಿ ಓದುತ್ತದೆಯೇ, ಊಹಿಸುತ್ತದೆಯೇ? ತಿಳಿಯುವುದು ಹೇಗೆ?

ಮುಂಬೈ: ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಒಂದು ಕ್ಯೂಆರ್ ಕೋಡ್ ಕಳಿಸುತ್ತಾರೆ. ಅದು ಇರುವುದು ನಿಮ್ಮದೇ ಫೋನಿನ ಪರದೆಯ ಮೇಲೆ, ಹಾಗಾಗಿ ಅದೇ ಫೋನಿನ ಕ್ಯಾಮೆರಾ ಹಿಡಿದು ಸ್ಕ್ಯಾನ್ ಮಾಡಲಾಗದು. ಸ್ಕ್ಯಾನ್ ಮಾಡಿದರೆ ಎಲ್ಲಿಗೆ ಹೋಗುತ್ತದೋ ಎಂಬ ಅಳುಕು ಬೇರೆ. ಆಗ ಹಲವರು ಮಾಡುವ ಕೆಲಸವೆಂದರೆ ಫೋಟೊವನ್ನು ಚಾಟ್‌ಜಿಪಿಟಿ, ಜೆಮಿನಿಯಂಥ ಎಐ ಚಾಟ್‌ಬಾಟ್‌ಗೆ ಹಾಕಿ, 'ಈ ಕೋಡ್‌ನಲ್ಲಿ ಏನಿದೆ?' ಎಂದು ಕೇಳುವುದು. ಉತ್ತರವೂ ತಡವಿಲ್ಲದೆ ಬರುತ್ತದೆ: 'ಇದು ಇಂಥ ಅಂಗಡಿಯ ಯುಪಿಐ ಪಾವತಿ ಕೋಡ್.'

ಆದರೆ ಈ ಉತ್ತರ ಬಂದದ್ದು ಕಪ್ಪು ಬಿಳಿ ಚೌಕಗಳನ್ನು ಓದಿಯೋ, ಅಥವಾ ಸ್ಟಿಕ್ಕರ್ ಮೇಲೆ ಅಚ್ಚಾಗಿರುವ ಹೆಸರನ್ನು ನೋಡಿಯೋ? ಬಹುತೇಕ ಸಂದರ್ಭಗಳಲ್ಲಿ ಎರಡನೆಯದು. ಎಐ ಮಾಡೆಲ್ ತಾನಾಗಿಯೇ ಚಿತ್ರವನ್ನು ನೋಡಿದಾಗ ಕ್ಯೂಆರ್ ಕೋಡ್ ಇದೆ ಎಂದು ಗುರುತಿಸುತ್ತದೆ, ಅದರ ಸುತ್ತಲಿನದನ್ನು ವಿವರಿಸುತ್ತದೆ. ಕೋಡ್‌ನ ಒಳಗಿರುವುದನ್ನು ಓದಲು ಅದಕ್ಕೆ ಬೇರೊಂದು ಸಾಫ್ಟ್‌ವೇರ್‌ನ ನೆರವು ಬೇಕು. ಇವೆರಡರ ವ್ಯತ್ಯಾಸ ತಿಳಿಯದಿದ್ದರೆ ಹಣ ತಪ್ಪಾದ ಖಾತೆಗೆ ಹೋಗಬಹುದು.

ಸ್ಟಿಕ್ಕರ್ ಒಳಗೆ ಇರುವುದೇನು?

ಯುಪಿಐ ವ್ಯವಸ್ಥೆಯನ್ನು ನಡೆಸುವ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐನ ಮುಖ್ಯ ಕಚೇರಿ ಇರುವುದು ಮುಂಬೈನ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. 2016ರ ಏಪ್ರಿಲ್‌ನಲ್ಲಿ ಯುಪಿಐ ಶುರುವಾಯಿತು. ಅಂಗಡಿಯ ಕ್ಯೂಆರ್ ಕೋಡ್‌ನಲ್ಲಿ ಯಾವ ಮಾಹಿತಿ ಯಾವ ರೂಪದಲ್ಲಿರಬೇಕು ಎಂಬುದಕ್ಕೂ ಈ ನಿಗಮದ ನಿಯಮವಿದೆ. ಆ ರೂಪ ನಿಜಕ್ಕೂ ಬಹಳ ಸರಳ. ಮಾಟುಂಗಾದ ಒಂದು ಉಡುಪಿ ಹೋಟೆಲ್‌ನ ಕೌಂಟರ್ ಮೇಲೆ ಸ್ಟಿಕ್ಕರ್ ಇದೆ ಎಂದುಕೊಳ್ಳೋಣ. ಅದರೊಳಗೆ ಇರುವುದು ಇಂಥ ಒಂದು ಸಾಲು (ಇಲ್ಲಿನ ಐಡಿ ಕಾಲ್ಪನಿಕ):

```
upi://pay?pa=angadi@bank&pn=Udupi%20Cafe&cu=INR
```

ಇದರಲ್ಲಿ `pa` ಎಂಬುದು ಹಣ ಹೋಗಬೇಕಾದ ಯುಪಿಐ ಐಡಿ. `pn` ಎಂಬುದು ಪಡೆಯುವವರ ಹೆಸರು. `cu` ಎಂದರೆ ಕರೆನ್ಸಿ, ಇಲ್ಲಿ ರೂಪಾಯಿ. ಮೊತ್ತವನ್ನೂ ಮೊದಲೇ ನಿಗದಿ ಮಾಡಿದ್ದರೆ `am` ಎಂಬ ಇನ್ನೊಂದು ಭಾಗ ಸೇರುತ್ತದೆ.

ಈ ಸಾಲಿನಲ್ಲಿ ಒಟ್ಟು 47 ಅಕ್ಷರ ಹಾಗೂ ಚಿಹ್ನೆಗಳಿವೆ. ಸಾಮಾನ್ಯವಾಗಿ ಬಳಸುವ ಮಧ್ಯಮ ಮಟ್ಟದ ದೋಷ ತಿದ್ದುಪಡಿಯೊಂದಿಗೆ ಇದನ್ನು ಕ್ಯೂಆರ್ ಮಾಡಿದರೆ, ಅಡ್ಡಕ್ಕೆ 33, ಉದ್ದಕ್ಕೆ 33 ಚೌಕಗಳ ಕೋಡ್ ಬರುತ್ತದೆ. ಅಂದರೆ 1,089 ಪುಟ್ಟ ಚೌಕಗಳು. ಒಂದೊಂದೂ ಕಪ್ಪು ಅಥವಾ ಬಿಳಿ. ಇವುಗಳಲ್ಲಿ ಮೂರು ಮೂಲೆಗಳ ದೊಡ್ಡ ಚೌಕಗಳು ಮತ್ತು ಇತರ ಗುರುತುಗಳನ್ನು ಬಿಟ್ಟು, ಮಾಹಿತಿಗೆ ಮೀಸಲಾದ ಜಾಗದಲ್ಲಿ 100 ಬೈಟ್ ಹಿಡಿಯುತ್ತದೆ. ಆ 100ರಲ್ಲಿ 64 ಬೈಟ್ ಮಾಹಿತಿಗೆ, ಉಳಿದ 36 ಬೈಟ್ ದೋಷ ತಿದ್ದಲು.

ಸ್ಕ್ಯಾನರ್ ಓದುವ ಬಗೆ

ಜಪಾನ್‌ನ ಡೆನ್ಸೊ ವೇವ್ ಸಂಸ್ಥೆ 1994ರಲ್ಲಿ ಕ್ಯೂಆರ್ ಕೋಡ್ ರೂಪಿಸಿದ್ದು ಯಂತ್ರಗಳು ಬೇಗ ಓದಲಿ ಎಂದು, ಕಣ್ಣುಗಳಿಗಲ್ಲ. ಫೋನಿನ ಸ್ಕ್ಯಾನರ್ ಒಳಗಿರುವ ಡಿಕೋಡರ್ ಮೊದಲು ಮೂರು ಮೂಲೆಯ ಚೌಕಗಳನ್ನು ಹುಡುಕುತ್ತದೆ. ಅವು ಸಿಕ್ಕರೆ ಕೋಡ್ ಎಷ್ಟು ಓರೆಯಾಗಿದೆ, ಎಷ್ಟು ದೊಡ್ಡದಾಗಿದೆ ಎಂದು ಲೆಕ್ಕ ಹಾಕಿ, ಚಿತ್ರವನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ಬಳಿಕ 1,089 ಚೌಕಗಳಲ್ಲಿ ಪ್ರತಿಯೊಂದೂ ಕಪ್ಪೋ ಬಿಳಿಯೋ ಎಂದು ತೀರ್ಮಾನಿಸುತ್ತದೆ.

ಇಲ್ಲಿಗೆ ಕೆಲಸ ಮುಗಿಯುವುದಿಲ್ಲ. ಒಂದೇ ಬಣ್ಣದ ದೊಡ್ಡ ಕಲೆಗಳು ಮೂಡಬಾರದು ಎಂಬ ಕಾರಣಕ್ಕೆ, ಕೋಡ್ ತಯಾರಿಸುವಾಗಲೇ ಅದರ ಮೇಲೆ ಎಂಟು ಬಗೆಯ ವಿನ್ಯಾಸಗಳಲ್ಲಿ ಒಂದನ್ನು ಹೊದಿಸಿ, ಕೆಲವು ಚೌಕಗಳ ಬಣ್ಣ ತಿರುಗಿಸಿರುತ್ತಾರೆ. ಇದನ್ನು ಮಾಸ್ಕ್ ಎನ್ನುತ್ತಾರೆ. ಯಾವ ಮಾಸ್ಕ್ ಎಂಬುದನ್ನು ಮೂಲೆ ಚೌಕಗಳ ಪಕ್ಕದಲ್ಲಿ ಬರೆದಿರುತ್ತದೆ. ಡಿಕೋಡರ್ ಅದನ್ನು ನೋಡಿ ಮಾಸ್ಕ್ ಬಿಚ್ಚುತ್ತದೆ. ನಂತರ ಬಲಗಡೆಯ ಕೆಳಮೂಲೆಯಿಂದ ಶುರುಮಾಡಿ, ಎರಡೆರಡು ಕಂಬಸಾಲುಗಳನ್ನು ಹಿಡಿದು ಮೇಲೆ, ಕೆಳಗೆ ಓಡಾಡುತ್ತಾ ಬಿಟ್‌ಗಳನ್ನು ಹೆಕ್ಕುತ್ತದೆ.

ನಮ್ಮ ಉದಾಹರಣೆಯಲ್ಲಿ ಮೊದಲು ಸಿಗುವ ನಾಲ್ಕು ಬಿಟ್ `0100`. 'ಮುಂದಿರುವುದು ಬೈಟ್‌ಗಳ ರೂಪದ ಪಠ್ಯ' ಎಂದು ಅದರ ಅರ್ಥ. ಆಮೇಲಿನ ಎಂಟು ಬಿಟ್ `00101111`, ಅಂದರೆ 47, ಸಾಲಿನ ಉದ್ದ. ಅದರ ನಂತರ `01110101`, ಅಂದರೆ ಇಂಗ್ಲಿಷ್‌ನ ಸಣ್ಣ `u`. ಹೀಗೆ ಒಂದೊಂದೇ ಅಕ್ಷರ ಸಿಗುತ್ತದೆ. ಸ್ಟಿಕ್ಕರ್ ಮೇಲೆ ಸಾಂಬಾರಿನ ಕಲೆ ಬಿದ್ದು ಕೆಲವು ಬೈಟ್ ಹಾಳಾಗಿದ್ದರೂ ಚಿಂತೆಯಿಲ್ಲ. ಆ 36 ಹೆಚ್ಚುವರಿ ಬೈಟ್‌ಗಳ ಬಲದಿಂದ, ಎರಡು ಭಾಗಗಳಲ್ಲಿ ತಲಾ 9ರಂತೆ ಒಟ್ಟು 18 ಬೈಟ್‌ವರೆಗಿನ ತಪ್ಪನ್ನು ಗಣಿತದಿಂದಲೇ ಸರಿಪಡಿಸಬಹುದು.

ತಪ್ಪು ಅದಕ್ಕಿಂತ ಹೆಚ್ಚಾದರೆ ಡಿಕೋಡರ್ ಕೈಚೆಲ್ಲುತ್ತದೆ. 'ಓದಲಾಗಲಿಲ್ಲ' ಎನ್ನುತ್ತದೆ ಅಥವಾ ಏನನ್ನೂ ತೋರಿಸದೆ ಸುಮ್ಮನಿರುತ್ತದೆ. ಅದು ಊಹೆ ಮಾಡುವುದಿಲ್ಲ. ಡಿಕೋಡರ್‌ನ ಮುಖ್ಯ ಗುಣವೇ ಇದು.

ಎಐ ಮಾಡೆಲ್ ನೋಡುವ ಬಗೆ

ಎಐ ಮಾಡೆಲ್ ಚಿತ್ರವನ್ನು ನೋಡುವ ರೀತಿಯೇ ಬೇರೆ. ಅಪ್‌ಲೋಡ್ ಮಾಡಿದ ದೊಡ್ಡ ಫೋಟೊವನ್ನು ಸಾಮಾನ್ಯವಾಗಿ ಮೊದಲು ಚಿಕ್ಕದು ಮಾಡಲಾಗುತ್ತದೆ. ಬಳಿಕ ಅದನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಸಂಖ್ಯೆಗಳ ಒಂದು ಪಟ್ಟಿಯಾಗಿ ಬದಲಿಸಲಾಗುತ್ತದೆ. ಮಾಡೆಲ್ ಕೆಲಸ ಮಾಡುವುದು ಆ ಪಟ್ಟಿಗಳ ಮೇಲೆ, ಮೂಲ ಪಿಕ್ಸೆಲ್‌ಗಳ ಮೇಲಲ್ಲ. ತುಂಡಿನ ಗಾತ್ರ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಅಡ್ಡಕ್ಕೂ ಉದ್ದಕ್ಕೂ 16 ಪಿಕ್ಸೆಲ್ ಎಂಬುದು ಹೆಸರಾದ ಒಂದು ಅಳತೆ.

ಅದನ್ನೇ ಹಿಡಿದು ಹೋಟೆಲ್ ಸ್ಟಿಕ್ಕರ್‌ನ ಲೆಕ್ಕ ಹಾಕೋಣ. ಫೋನಿನಲ್ಲಿ ತೆಗೆದ ಫೋಟೊ 4,000 ಪಿಕ್ಸೆಲ್ ಅಗಲವಿದೆ, ಅದರಲ್ಲಿ ಕೋಡ್ 600 ಪಿಕ್ಸೆಲ್ ಜಾಗ ಹಿಡಿದಿದೆ ಎಂದುಕೊಳ್ಳಿ. ಫೋಟೊವನ್ನು 1,500 ಪಿಕ್ಸೆಲ್‌ಗೆ ಇಳಿಸಿದರೆ ಕೋಡ್‌ಗೆ ಉಳಿಯುವುದು 225 ಪಿಕ್ಸೆಲ್. 33 ಚೌಕಗಳಿಗೆ ಹಂಚಿದರೆ ಒಂದು ಚೌಕಕ್ಕೆ ಏಳು ಪಿಕ್ಸೆಲ್‌ಗಿಂತ ತುಸು ಕಡಿಮೆ. ಡಿಕೋಡರ್‌ಗೆ ಇಷ್ಟು ಧಾರಾಳವಾಗಿ ಸಾಕು. ಆದರೆ ಮಾಡೆಲ್‌ನ ಒಂದು ತುಂಡಿನೊಳಗೆ ಐದಾರು ಚೌಕಗಳು ಬಂದು ಕೂರುತ್ತವೆ, ಅದೂ ಗಡಿಗೆ ಗಡಿ ಹೊಂದದೆ. ಕೆಲವು ಚೌಕಗಳು ಅರ್ಧ ಈ ತುಂಡಿನಲ್ಲಿ, ಅರ್ಧ ಪಕ್ಕದ ತುಂಡಿನಲ್ಲಿ.

ಬೆಕ್ಕು, ಬಸ್ಸು, ಅಂಗಡಿ ಬೋರ್ಡಿನ ಅಕ್ಷರ ಇವನ್ನೆಲ್ಲ ಗುರುತಿಸಲು ಇಷ್ಟು ಸಾಕು. ಅಕ್ಷರ ಸ್ವಲ್ಪ ಮಸುಕಾದರೂ 'Cafe' ಎಂಬ ಪದವನ್ನು ಅಕ್ಕಪಕ್ಕದ ಸುಳಿವಿನಿಂದ ತುಂಬಿಕೊಳ್ಳಬಹುದು. ಕ್ಯೂಆರ್ ಕೋಡ್‌ನಲ್ಲಿ ಆ ಸೌಲಭ್ಯವಿಲ್ಲ. ಅಕ್ಕಪಕ್ಕದ ಚೌಕಗಳು ಮುಂದಿನ ಚೌಕದ ಬಗ್ಗೆ ಕಣ್ಣಿಗೆ ಕಾಣುವ ಯಾವ ಸುಳಿವನ್ನೂ ಕೊಡುವುದಿಲ್ಲ. ಒಂದು ವೇಳೆ ಎಲ್ಲ ಚೌಕಗಳು ಸರಿಯಾಗಿ ಕಂಡರೂ, ಮಾಸ್ಕ್ ಬಿಚ್ಚುವುದು, ಕ್ರಮದಲ್ಲಿ ಹೆಕ್ಕುವುದು, ದೋಷ ತಿದ್ದುವುದು ಎಂಬ ನೂರಾರು ಹೆಜ್ಜೆಗಳ ಲೆಕ್ಕವನ್ನು ಒಂದೂ ತಪ್ಪದೆ ಮಾಡಬೇಕು. ಮುಂದಿನ ಪದ ಯಾವುದಿರಬಹುದು ಎಂದು ಅಂದಾಜಿಸುತ್ತಾ ಸಾಗುವ ಮಾಡೆಲ್‌ಗೆ ಇದು ಒಗ್ಗುವ ಕೆಲಸವಲ್ಲ.

ಹಾಗಿದ್ದರೂ ಉತ್ತರ ಬರುತ್ತದೆ. ಏಕೆಂದರೆ ಫೋಟೊದಲ್ಲಿ ಬೇರೆ ಸುಳಿವುಗಳು ಧಾರಾಳವಾಗಿರುತ್ತವೆ. ಕೋಡ್‌ನ ಮೇಲೆ ಹೋಟೆಲ್ ಹೆಸರು, ಕೆಳಗೆ ಅಚ್ಚಾದ ಯುಪಿಐ ಐಡಿ, ಪಕ್ಕದಲ್ಲಿ ಪಾವತಿ ಆ್ಯಪ್‌ಗಳ ಲೋಗೊ. ಇವನ್ನು ಮಾಡೆಲ್ ಚೆನ್ನಾಗಿ ಓದುತ್ತದೆ. ಅವುಗಳಿಂದಲೇ 'ಕೋಡ್‌ನಲ್ಲಿ ಇದಿರಬೇಕು' ಎಂದು ಕಟ್ಟಿಕೊಳ್ಳುತ್ತದೆ. ಬಹಳ ಸಲ ಆ ಊಹೆ ಸರಿಯೂ ಆಗಿರುತ್ತದೆ. ಅಂಥ ಸರಿಯುತ್ತರಗಳಿಂದಾಗಿಯೇ 'ಎಐ ಕೋಡ್ ಓದುತ್ತದೆ' ಎಂಬ ನಂಬಿಕೆ ಜನರಲ್ಲಿ ಬೆಳೆದಿದೆ.

ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಅಂಟಿಸಿದ್ದರೆ?

ಊಹೆ ಕೈಕೊಡುವುದು ಮೋಸ ನಡೆದಿರುವ ಜಾಗದಲ್ಲಿ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಕಿಡಿಗೇಡಿಗಳು ರಾತ್ರೋರಾತ್ರಿ ಹಲವು ಅಂಗಡಿಗಳ ಕ್ಯೂಆರ್ ಕೋಡ್ ಮೇಲೆ ತಮ್ಮ ಕೋಡ್ ಅಂಟಿಸಿದ್ದು ಸುದ್ದಿಯಾಗಿತ್ತು. ಗ್ರಾಹಕರು ಎಂದಿನಂತೆ ಹಣ ಕಳಿಸಿದರು, ಅದು ಬೇರೆಯವರ ಖಾತೆ ಸೇರಿತು.

ನಮ್ಮ ಮಾಟುಂಗಾ ಉದಾಹರಣೆಯಲ್ಲೂ ಹೀಗೇ ಆಗಿದೆ ಎಂದುಕೊಳ್ಳಿ. ಮೇಲಿನ ಹೆಸರು, ಕೆಳಗಿನ ಐಡಿ ಹಾಗೇ ಇವೆ. ನಡುವಿನ ಚೌಕದ ಮೇಲೆ ಮಾತ್ರ ಹೊಸ ಕೋಡ್ ಬಂದಿದೆ. ಅದರೊಳಗಿನ ಸಾಲು ಇದು:

```
upi://pay?pa=bere@bank&pn=Udupi%20Cafe&cu=INR
```

ಹೆಸರು ಅದೇ, ಐಡಿ ಮಾತ್ರ ಬೇರೆ. `pn` ಜಾಗದಲ್ಲಿ ಯಾರು ಯಾವ ಹೆಸರನ್ನು ಬೇಕಾದರೂ ಬರೆದು ಕೋಡ್ ತಯಾರಿಸಬಹುದು. ಈ ಕೋಡ್ ಕೂಡ 33 ಚೌಕಗಳದ್ದೇ, ನೋಡಲು ಮೊದಲಿನದರಂತೆಯೇ. ಡಿಕೋಡರ್‌ಗೆ ಕೊಟ್ಟರೆ `bere@bank` ಎಂದು ಒಡನೆಯೇ ಹೊರಬೀಳುತ್ತದೆ. ಕೆಳಗೆ ಅಚ್ಚಾಗಿರುವ `angadi@bank` ಜತೆ ಹೋಲಿಸಿದರೆ ಮೋಸ ಬಯಲು. ಆದರೆ ಮಾಡೆಲ್ ಕೋಡ್ ಓದದೆ ಅಚ್ಚಾದ ಅಕ್ಷರ ಓದಿದರೆ, 'ಇದು ಉಡುಪಿ ಕೆಫೆಯ ಕೋಡ್, ಐಡಿ `angadi@bank`' ಎಂದೇ ಹೇಳುತ್ತದೆ. ಯಾವ ಅನುಮಾನ ಪರಿಹರಿಸಿಕೊಳ್ಳಲು ಫೋಟೊ ಹಾಕಿದ್ದೋ, ಆ ಅನುಮಾನಕ್ಕೆ ತಪ್ಪು ಭರವಸೆ ಸಿಕ್ಕಂತಾಯಿತು.

ಫ್ಲ್ಯಾಟ್ ಜಾಹೀರಾತಿನಲ್ಲೂ ಇದೇ ಕಥೆ

ಮುಂಬೈನಲ್ಲಿ ಮನೆ ಹುಡುಕುವವರಿಗೆ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ವಸತಿ ಯೋಜನೆಗಳ ಜಾಹೀರಾತಿನಲ್ಲಿ ಕ್ಯೂಆರ್ ಕೋಡ್ ಇರಬೇಕೆಂದು ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಅಂದರೆ ಮಹಾರೇರಾ, 2023ರ ಆಗಸ್ಟ್ 1ರಿಂದ ಕಡ್ಡಾಯ ಮಾಡಿದೆ. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಸ್ಕ್ಯಾನ್ ಮಾಡಿದವರಿಗೆ ಆ ಯೋಜನೆಯ ನೋಂದಣಿ ವಿವರ ನೇರವಾಗಿ ಸಿಗಲಿ ಎಂಬುದು ಉದ್ದೇಶ.

ಬೊರಿವಲಿಯದ್ದೋ ಮುಲುಂಡಿನದ್ದೋ ಒಂದು ಯೋಜನೆಯ ಪತ್ರಿಕಾ ಜಾಹೀರಾತಿನ ಫೋಟೊ ತೆಗೆದು ಎಐಗೆ ಹಾಕಿದರೆ, ಅಲ್ಲಿ ನೋಂದಣಿ ಸಂಖ್ಯೆಯೂ ಅಚ್ಚಾಗಿರುತ್ತದೆ. ಮುಂಬೈ ಉಪನಗರ ಜಿಲ್ಲೆಯ ಅನೇಕ ಯೋಜನೆಗಳ ಸಂಖ್ಯೆ `P518` ಎಂದು ಶುರುವಾಗುತ್ತದೆ. ಮಾಡೆಲ್ ಅದನ್ನು ಓದಿ, 'ಈ ಕೋಡ್ ಮಹಾರೇರಾ ತಾಣದಲ್ಲಿ ಈ ಸಂಖ್ಯೆಯ ಯೋಜನೆಯ ಪುಟಕ್ಕೆ ಒಯ್ಯುತ್ತದೆ' ಎನ್ನಬಹುದು. ಕೇಳಲು ಸರಿಯಾಗಿಯೇ ಇದೆ. ಆದರೆ ಕೋಡ್ ಒಯ್ಯುವುದು ಬಿಲ್ಡರ್‌ನ ಸ್ವಂತ ಪ್ರಚಾರ ತಾಣಕ್ಕೋ, ಬೇರೊಂದು ಯೋಜನೆಗೋ ಎಂಬುದು ಆ ಉತ್ತರದಿಂದ ತಿಳಿಯದು. ಪುಟ ತುಂಬಿದ ಜಾಹೀರಾತಿನ ಮೂಲೆಯಲ್ಲಿರುವ ಪುಟ್ಟ ಕೋಡ್, ಇಡೀ ಪುಟದ ಫೋಟೊ ಚಿಕ್ಕದಾದಾಗ ಚೌಕಕ್ಕೆ ಒಂದೆರಡು ಪಿಕ್ಸೆಲ್‌ಗೆ ಇಳಿದಿರುತ್ತದೆ. ಆ ಸ್ಥಿತಿಯಲ್ಲಿ ಡಿಕೋಡರ್‌ಗೂ ಓದುವುದು ಕಷ್ಟ. ಹೀಗಾಗಿ ಫೋಟೊ ತೆಗೆಯುವಾಗ ಕೋಡ್‌ನ ಹತ್ತಿರ ಹೋಗಿ, ಅದರ ಸುತ್ತಲಿನ ಬಿಳಿ ಅಂಚೂ ಸೇರುವಂತೆ ತೆಗೆಯಬೇಕು. ಆ ಅಂಚು ನಾಲ್ಕು ಚೌಕಗಳಷ್ಟು ಅಗಲ ಇರಬೇಕೆಂಬುದು ಕ್ಯೂಆರ್ ಮಾನದಂಡದಲ್ಲೇ ಇದೆ.

ಎಐ ನಿಜವಾಗಿ ಓದುವುದು ಯಾವಾಗ?

ಹಾಗಾದರೆ ಎಐ ಆ್ಯಪ್‌ಗಳಿಂದ ಕ್ಯೂಆರ್ ಓದಿಸಲು ಸಾಧ್ಯವೇ ಇಲ್ಲವೇ? ಇದೆ. ಕೆಲವು ಚಾಟ್‌ಬಾಟ್‌ಗಳಿಗೆ ತಾವೇ ಪ್ರೋಗ್ರಾಂ ಬರೆದು ಓಡಿಸುವ ಸೌಲಭ್ಯವಿದೆ. ಅದಿದ್ದರೆ ಅಪ್‌ಲೋಡ್ ಆದ ಮೂಲ ಫೋಟೊ ಫೈಲನ್ನೇ ತೆರೆದು, ನಿಜವಾದ ಡಿಕೋಡರ್‌ಗೆ ಕೊಡಬಹುದು. ಬೇಕಾಗುವುದು ನಾಲ್ಕೇ ಸಾಲು:

```
import cv2
img = cv2.imread("photo.jpg")
text, points, _ = cv2.QRCodeDetector().detectAndDecode(img)
print(text)
```

ಇಲ್ಲಿ ಓದುವುದು ಓಪನ್‌ಸಿವಿ ಎಂಬ ಸಾಫ್ಟ್‌ವೇರ್‌ನ ಡಿಕೋಡರ್, ಮಾಡೆಲ್ ಅಲ್ಲ. ಮಾಡೆಲ್ ಮಾಡುವುದು ಅದನ್ನು ಕರೆಯುವ ಕೆಲಸ ಮಾತ್ರ. ಆದ್ದರಿಂದ ಉತ್ತರ ನಂಬಲರ್ಹ. ಕೋಡ್ ಓದಲಾಗದಿದ್ದರೆ `text` ಖಾಲಿಯಾಗಿ ಬರುತ್ತದೆ. ಆದರೆ ಎಚ್ಚರ ಬೇಕಾದ್ದು ಇಲ್ಲೇ. ಡಿಕೋಡರ್ ಖಾಲಿ ಕೈಯಲ್ಲಿ ಮರಳಿದ ಮೇಲೂ ಮಾಡೆಲ್ 'ಚಿತ್ರದ ಪ್ರಕಾರ ಇದು ಇಂಥದ್ದಿರಬೇಕು' ಎಂದು ಉತ್ತರ ಕೊಡಬಹುದು. ಪ್ರೋಗ್ರಾಂ ಓಡಿದೆ ಎಂದ ಮಾತ್ರಕ್ಕೆ ಕೋಡ್ ಓದಿದೆ ಎಂದಲ್ಲ. ಪ್ರೋಗ್ರಾಂ ಹೊರಹಾಕಿದ ಸಾಲು ಯಾವುದು ಎಂದು ತೆರೆದು ನೋಡಬೇಕು.

ಪರೀಕ್ಷಿಸುವುದು ಹೇಗೆ?

ನೀವು ಬಳಸುವ ಆ್ಯಪ್ ಓದುತ್ತದೋ ಊಹಿಸುತ್ತದೋ ಎಂದು ಐದು ನಿಮಿಷದಲ್ಲಿ ತಿಳಿಯಬಹುದು. ಯಾವುದಾದರೂ ಕ್ಯೂಆರ್ ತಯಾರಿಸುವ ಸಾಧನದಲ್ಲಿ ಯಾರೂ ಊಹಿಸಲಾಗದ ಸಾಲೊಂದನ್ನು ಹಾಕಿ, ಉದಾಹರಣೆಗೆ `mavu-7093-qz-halasu`. ಬಂದ ಕೋಡ್‌ನ ಸುತ್ತ ಯಾವ ಅಕ್ಷರವೂ ಇಲ್ಲದಂತೆ ಚಿತ್ರ ಉಳಿಸಿ, ಅಪ್‌ಲೋಡ್ ಮಾಡಿ, 'ಇದರಲ್ಲಿರುವುದನ್ನು ಹಾಗೇ ಬರೆ' ಎನ್ನಿ. ಅಕ್ಷರಕ್ಕಕ್ಷರ ಸರಿಯಾಗಿ ಬಂದರೆ ಹಿಂದೆ ಡಿಕೋಡರ್ ಕೆಲಸ ಮಾಡಿರುವ ಸಾಧ್ಯತೆಯೇ ಹೆಚ್ಚು. 'ನಾನು ಓದಲಾರೆ, ಫೋನಿನಲ್ಲಿ ಸ್ಕ್ಯಾನ್ ಮಾಡಿ' ಎಂದರೆ ಅದು ಪ್ರಾಮಾಣಿಕ ಉತ್ತರ. ಯಾವುದೋ ವೆಬ್‌ಸೈಟ್‌ನ ವಿಳಾಸ ಕೊಟ್ಟರೆ ಅದು ಊಹೆ. ಇಂಟರ್‌ನೆಟ್‌ನ ಬಹಳಷ್ಟು ಕ್ಯೂಆರ್ ಕೋಡ್‌ಗಳಲ್ಲಿ ವೆಬ್ ವಿಳಾಸವೇ ಇರುವುದರಿಂದ ಮಾಡೆಲ್‌ನ ಊಹೆಯೂ ಅತ್ತಲೇ ವಾಲುತ್ತದೆ.

ಪರೀಕ್ಷೆಗೆ ಹೆಸರಾದ ಮಾದರಿ ಚಿತ್ರಗಳನ್ನು ಬಳಸಬೇಡಿ. ಅವು ಇಂಟರ್‌ನೆಟ್‌ನಲ್ಲಿ ಸಾವಿರಾರು ಕಡೆ ವಿವರಣೆಯೊಂದಿಗೆ ಇರುವುದರಿಂದ ಮಾಡೆಲ್ ನೆನಪಿನಿಂದ ಸರಿಯುತ್ತರ ಹೇಳಿಬಿಡಬಹುದು. ಇನ್ನೊಂದು ಉಪಾಯವೂ ಇದೆ. ಅದೇ ಚಿತ್ರವನ್ನು ಹೊಸ ಚಾಟ್‌ನಲ್ಲಿ ಮತ್ತೊಮ್ಮೆ ಹಾಕಿ. ಡಿಕೋಡರ್ ಓದಿದ್ದರೆ ಉತ್ತರದಲ್ಲಿ ಒಂದು ಚುಕ್ಕೆಯೂ ಬದಲಾಗದು. ಉತ್ತರ ಬದಲಾದರೆ ಎರಡನ್ನೂ ನಂಬಬೇಡಿ. ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿರುತ್ತವೆ, ಉಚಿತ ಮತ್ತು ಹಣ ಕೊಡುವ ಆವೃತ್ತಿಗಳಲ್ಲಿ ಸೌಲಭ್ಯ ಬೇರೆ ಬೇರೆ. ಹಾಗಾಗಿ ಪರೀಕ್ಷೆಯ ಫಲ ಆ ಆ್ಯಪ್‌ಗೆ, ಆ ದಿನಕ್ಕೆ ಮಾತ್ರ ಅನ್ವಯ.

ಸರಿಯಾಗಿ ಓದಿದ ಮೇಲೂ ಉಳಿಯುವ ಪ್ರಶ್ನೆ

ಕೋಡ್ ಓದುವುದಷ್ಟೇ ಬೇಕಿದ್ದರೆ ಎಐ ಬೇಕಾಗಿಯೇ ಇಲ್ಲ. ಗೂಗಲ್ ಲೆನ್ಸ್‌ನಂಥ ಆ್ಯಪ್‌ನಲ್ಲಿ ಗ್ಯಾಲರಿಯ ಫೋಟೊ ತೆರೆದರೆ ಕೋಡ್‌ನೊಳಗಿನ ವಿಳಾಸ ಕಾಣುತ್ತದೆ, ನೀವು ಒತ್ತುವವರೆಗೆ ಅದು ತೆರೆದುಕೊಳ್ಳುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೋಡ್‌ಗೂ ಇದೇ ದಾರಿ ಸಾಕು. ಯುಪಿಐ ಆ್ಯಪ್‌ಗಳಲ್ಲೂ ಸ್ಕ್ಯಾನ್ ಪರದೆಯಿಂದ ಗ್ಯಾಲರಿಯ ಚಿತ್ರ ಆರಿಸಿಕೊಳ್ಳುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ.

ಆದರೆ ಡಿಕೋಡರ್ ಹೇಳುವುದು ಕೋಡ್‌ನಲ್ಲಿ ಏನು ಬರೆದಿದೆ ಎಂದಷ್ಟೇ. ಬರೆದದ್ದು ನಿಜವೋ ಎಂದು ಅದು ಹೇಳದು. ಮೇಲಿನ ಎರಡನೇ ಕೋಡ್‌ನಲ್ಲೂ ಹೆಸರು 'Udupi Cafe' ಎಂದೇ ಇತ್ತು ಎಂಬುದನ್ನು ನೆನಪಿಡಿ. ಐಡಿಯ ಹಿಂದಿರುವ ಖಾತೆ ಯಾರದ್ದು ಎಂಬುದು ಗೊತ್ತಿರುವುದು ಬ್ಯಾಂಕಿಗೆ. ಹಣ ಕಳಿಸುವ ಮುನ್ನ ಆ್ಯಪ್‌ಗಳು ಕೋಡ್‌ನಿಂದ ತೆಗೆದ ಹೆಸರನ್ನಲ್ಲ, ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಎಂದು ಎನ್‌ಪಿಸಿಐ ಸೂಚಿಸಿ, ಅದಕ್ಕೆ 2025ರ ಜೂನ್ 30ರ ಗಡುವು ನೀಡಿದ್ದು ಇದೇ ಕಾರಣಕ್ಕೆ.

ಹೀಗಾಗಿ ಕೌಂಟರ್ ಮುಂದೆ ನಿಂತಾಗ ನೋಡಬೇಕಾದ್ದು ಸ್ಟಿಕ್ಕರ್ ಮೇಲಿನ ಹೆಸರನ್ನೂ ಅಲ್ಲ, ಎಐ ಕೊಟ್ಟ ವಿವರಣೆಯನ್ನೂ ಅಲ್ಲ. ಪಿನ್ ಹಾಕುವ ಮುನ್ನ ಪಾವತಿ ಆ್ಯಪ್ ತೋರಿಸುವ ಹೆಸರನ್ನು ಕ್ಯಾಷಿಯರ್‌ಗೆ ಓದಿ ಹೇಳಿ, ಅವರು ಹೌದೆಂದ ಮೇಲೆ ಮೊತ್ತ ಕಳಿಸಿ. ಅಂಗಡಿಯವರಿಗೂ ಒಂದು ಸುಲಭದ ಪರೀಕ್ಷೆಯಿದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ತಮ್ಮದೇ ಫೋನಿನಿಂದ ಆ ಸ್ಟಿಕ್ಕರ್ ಸ್ಕ್ಯಾನ್ ಮಾಡಿ ಒಂದು ರೂಪಾಯಿ ಹಾಕಿದರೆ, ಸೌಂಡ್‌ಬಾಕ್ಸ್ ಕೂಗಬೇಕು. ಕೂಗದಿದ್ದರೆ ಮೊದಲು ಸ್ಟಿಕ್ಕರ್‌ನ ಅಂಚನ್ನು ಉಗುರಿನಿಂದ ಎಬ್ಬಿಸಿ, ಅಡಿಯಲ್ಲಿ ಇನ್ನೊಂದು ಇದೆಯೇ ಎಂದು ನೋಡುವುದು ಒಳ್ಳೆಯದು.